ಪೆಡೋಮೀಟರ್ ಫೋಟೊದಿಂದ ದಿನದ ನಡಿಗೆಯ ದೂರವನ್ನು ಲೆಕ್ಕ ಹಾಕುವುದು ಹೇಗೆ

ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೆಡೋಮೀಟರ್ ಎಣಿಸುವುದು ಹೆಜ್ಜೆಗಳನ್ನು ಮಾತ್ರ. ಎಷ್ಟು ದೂರ ನಡೆದಿರಿ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಕೆಲವು ಸಾಧನಗಳ ಪರದೆಯಲ್ಲಿ ಕಿಲೋಮೀಟರ್ ಕೂಡ ಕಾಣುತ್ತದೆ. ಆದರೆ ಅದು ಹೆಜ್ಜೆಯ ಎಣಿಕೆಯನ್ನು ಒಳಗೆ ನಮೂದಿಸಿಟ್ಟ ಒಂದು ಉದ್ದದಿಂದ ಗುಣಿಸಿ ಬಂದ ಸಂಖ್ಯೆ. ಆ ಉದ್ದ ನಿಮ್ಮದಲ್ಲದಿದ್ದರೆ ಕಿಲೋಮೀಟರ್ ಕೂಡ ನಿಮ್ಮದಲ್ಲ. ಹಾಗಾಗಿ ಹೆಜ್ಜೆಯ ಸಂಖ್ಯೆಯನ್ನು ಫೋಟೊದಿಂದ ತೆಗೆದುಕೊಂಡು, ಉದ್ದವನ್ನು ನಾವೇ ಅಳೆದು, ಗುಣಾಕಾರವನ್ನೂ ನಾವೇ ಮಾಡುವುದು ಒಳ್ಳೆಯದು.

ಲೆಕ್ಕ ಸುಲಭವಾಗಿಯೇ ಕಾಣುತ್ತದೆ. ಎಣಿಕೆ ಗುಣಿಸು ಉದ್ದ, ಅಷ್ಟೇ ಅಲ್ವಾ? ಇಲ್ಲೇ ಜಾಸ್ತಿ ಜನ ಎಡವುವುದು. ರಸ್ತೆಯಲ್ಲಿ ಬಿರುಸಾಗಿ ನಡೆಯುವಾಗ ಹಾಕುವ ಹೆಜ್ಜೆ ಬೇರೆ, ಮನೆಯೊಳಗೆ ಅಡುಗೆಮನೆಯಿಂದ ಬಾಗಿಲಿಗೆ ಹೋಗಿ ಬರುವಾಗಿನ ಹೆಜ್ಜೆ ಬೇರೆ. ಒಳಗಿನದು ಗಿಡ್ಡ. ರಸ್ತೆಯಲ್ಲಿ ಅಳೆದ ಉದ್ದದಿಂದ ಇಡೀ ದಿನದ ಎಣಿಕೆಯನ್ನು ಗುಣಿಸಿದರೆ ದೂರ ಯಾವಾಗಲೂ ಹೆಚ್ಚಾಗಿಯೇ ಬರುತ್ತದೆ. ಇದಕ್ಕೆ ಪರಿಹಾರ ಫೋಟೊದಲ್ಲೇ ಇದೆ. ಪ್ರತಿ ಫೋಟೊದ ಜೊತೆ ಅದನ್ನು ತೆಗೆದ ಸಮಯವೂ ಉಳಿಯುತ್ತದೆ. ನಡಿಗೆಯ ರೀತಿ ಬದಲಾಗುವ ಹೊತ್ತಿಗೆ ಒಂದೊಂದು ಫೋಟೊ ತೆಗೆದಿಟ್ಟರೆ ದಿನವನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಅದಕ್ಕೆ ಒಪ್ಪುವ ಉದ್ದವನ್ನು ಹಾಕಬಹುದು. ಮುಂದಿನ ಹಂತಗಳೆಲ್ಲ ಇದನ್ನು ಮಾಡುವ ಬಗ್ಗೆಯೇ.

ಮೊದಲ ಹಂತ: ಹೆಜ್ಜೆಯ ಉದ್ದ ಅಳೆಯುವುದು

ಒಂದು ಕಾಲಿನ ಹಿಮ್ಮಡಿ ನೆಲಕ್ಕೆ ತಾಗಿದ ಜಾಗದಿಂದ ಇನ್ನೊಂದು ಕಾಲಿನ ಹಿಮ್ಮಡಿ ತಾಗುವ ಜಾಗದವರೆಗೆ ಒಂದು ಹೆಜ್ಜೆ. ಪೆಡೋಮೀಟರ್ ಎಣಿಸುವುದು ಇದನ್ನೇ, ಎಡಕ್ಕೆ ಒಂದು, ಬಲಕ್ಕೆ ಒಂದು. ಒಂದೇ ಕಾಲಿನ ಎರಡು ಗುರುತುಗಳ ನಡುವೆ ಅಳೆದರೆ ಅದು ಜೋಡಿ ಹೆಜ್ಜೆ. ಅದನ್ನೇ ಹಾಕಿ ಗುಣಿಸಿದರೆ ದೂರ ಸರಿಯಾಗಿ ಎರಡು ಪಟ್ಟು ಬರುತ್ತದೆ. ದೊಡ್ಡವರ ಒಂದು ಹೆಜ್ಜೆ ಸಾಮಾನ್ಯವಾಗಿ 0.6ರಿಂದ 0.8 ಮೀಟರ್ ಆಸುಪಾಸಿನಲ್ಲಿ ಇರುತ್ತದೆ. ನಿಮಗೆ 1.4 ಬಂದರೆ ಜೋಡಿಯನ್ನು ಅಳೆದಿದ್ದೀರಿ ಎಂದೇ ಅರ್ಥ.

ಒಂದೇ ಹೆಜ್ಜೆಯನ್ನು ಟೇಪಿನಲ್ಲಿ ಅಳೆಯಬೇಡಿ. ನಿಂತಲ್ಲಿಂದ ಹಾಕುವ ಹೆಜ್ಜೆ ನಡಿಗೆಯ ಹೆಜ್ಜೆಯ ಹಾಗೆ ಇರುವುದಿಲ್ಲ. ಅಳೆಯುತ್ತಿದ್ದೇವೆ ಎಂಬ ಗಮನವಿದ್ದರೆ ಕಾಲು ತಾನಾಗಿ ಉದ್ದ ಚಾಚುತ್ತದೆ. 100 ಹೆಜ್ಜೆ ನಡೆದು ಒಟ್ಟು ದೂರವನ್ನು ಅಳೆದು 100ರಿಂದ ಭಾಗಿಸಿ.

ಇದನ್ನು ಎರಡು ರೀತಿಯಲ್ಲಿ ಮಾಡುವವರಿದ್ದಾರೆ. 50 ಮೀಟರ್ ಗುರುತು ಹಾಕಿಕೊಂಡು ಅದರಲ್ಲಿ ಎಷ್ಟು ಹೆಜ್ಜೆ ಎಂದು ಎಣಿಸುವುದು ಒಂದು. ಹೆಜ್ಜೆಯನ್ನು 100 ಎಂದು ನಿಗದಿ ಮಾಡಿ ದೂರ ಅಳೆಯುವುದು ಇನ್ನೊಂದು. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಮೊದಲ ರೀತಿಯಲ್ಲಿ ಕೊನೆಯ ಹೆಜ್ಜೆ ಗೆರೆಯ ಮೇಲೆ ಸರಿಯಾಗಿ ಬೀಳುವುದಿಲ್ಲ. ಅದನ್ನು ಅರ್ಧ ಅಂತ ಹಿಡಿಯಬೇಕೋ ಮುಕ್ಕಾಲು ಅಂತ ಹಿಡಿಯಬೇಕೋ ಎಂಬ ಗೊಂದಲ ಉಳಿಯುತ್ತದೆ. ಎರಡನೆಯದರಲ್ಲಿ ಆ ತೊಂದರೆಯೇ ಇಲ್ಲ. ಕೊನೆಯ ಹಿಮ್ಮಡಿ ಎಲ್ಲಿ ಬಿತ್ತೋ ಅಲ್ಲಿಗೆ ಟೇಪು ಹಿಡಿದರೆ ಮುಗಿಯಿತು.

ಅಳೆಯುವ ಕ್ರಮ ಹೀಗೆ. ಸಮತಟ್ಟಾದ, ನೇರವಾದ ಜಾಗ ಹುಡುಕಿ. ನೀವು ದಿನವೂ ಹಾಕಿಕೊಳ್ಳುವ ಚಪ್ಪಲಿ ಅಥವಾ ಶೂ ಕಾಲಿನಲ್ಲಿರಲಿ. ಏಳೆಂಟು ಹೆಜ್ಜೆ ಸುಮ್ನೆ ನಡೆದು ವೇಗ ಹಿಡಿಯಿರಿ. ಆಮೇಲೆ ಒಂದು ಹಿಮ್ಮಡಿ ಬಿದ್ದ ಜಾಗವನ್ನು ಆರಂಭ ಎಂದು ಹಿಡಿಯಿರಿ. ಜೊತೆಗೊಬ್ಬರು ಇದ್ದರೆ ಅವರು ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಲಿ. ಆ ಹಿಮ್ಮಡಿ ಸೊನ್ನೆ. ಮುಂದೆ ಬೀಳುವ ಇನ್ನೊಂದು ಕಾಲು ಒಂದು. ಆರಂಭದ ಕಾಲನ್ನೇ ಒಂದು ಎಂದು ಎಣಿಸಿದರೆ ನೂರಕ್ಕೆ ಒಂದು ಹೆಜ್ಜೆ ತಪ್ಪುತ್ತದೆ. 100ನೇ ಹೆಜ್ಜೆ ಆರಂಭದ ಕಾಲಿನದೇ ಆಗಿರಬೇಕು. ಅದು ಸರಿ ಎಣಿಸಿದ್ದೀರಿ ಎಂಬುದಕ್ಕೆ ಗುರುತು. ಅಲ್ಲೂ ಗುರುತು ಹಾಕಿ, ನಿಲ್ಲದೆ ಇನ್ನೂ ಕೆಲವು ಹೆಜ್ಜೆ ಮುಂದೆ ಹೋಗಿ. ಕೊನೆಗೆ ನಿಲ್ಲಲು ತಯಾರಾಗುವ ಹೆಜ್ಜೆಗಳು ಗಿಡ್ಡವಾಗುವುದರಿಂದ ಹೀಗೆ ಮಾಡಬೇಕು. ಇದನ್ನು ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಮುಂದೆ ಪೂರ್ತಿ ಲೆಕ್ಕ ಮಾಡಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂರು ಸಲದ ಅಳತೆ 69.8, 71.2, 70.4 ಮೀಟರ್ ಬಂತು ಎನ್ನಿ. ಸರಾಸರಿ ಸುಮಾರು 70.5. ಅಂದರೆ ಹೊರಗಿನ ನಡಿಗೆಯ ಒಂದು ಹೆಜ್ಜೆ 0.705 ಮೀಟರ್. ಮೂರು ಅಳತೆಗಳ ನಡುವಿನ ವ್ಯತ್ಯಾಸ ಒಂದೂವರೆ ಮೀಟರ್‌ಗಿಂತ ಕಡಿಮೆ ಇದೆ. ಇದು ಒಳ್ಳೆಯ ಅಳತೆ. ಮೂರು ನಾಲ್ಕು ಮೀಟರ್ ವ್ಯತ್ಯಾಸ ಬಂದರೆ ಎಲ್ಲೋ ಎಣಿಕೆ ತಪ್ಪಿದೆ ಅಥವಾ ವೇಗ ಬದಲಾಗಿದೆ. ಆಗ ಇನ್ನೊಮ್ಮೆ ನಡೆಯಿರಿ.

ಈಗ ಮನೆಯೊಳಗಿನ ಹೆಜ್ಜೆ. ಇಲ್ಲಿ 100 ಹೆಜ್ಜೆ ನೇರವಾಗಿ ನಡೆಯಲು ಜಾಗ ಸಿಗುವುದಿಲ್ಲ. ಹಾಗಾಗಿ ಮನೆಯಲ್ಲಿ ಇರುವ ಉದ್ದನೆಯ ಜಾಗವನ್ನು ಟೇಪಿನಲ್ಲಿ ಅಳೆಯಿರಿ. 8 ಮೀಟರ್ ಎಂದುಕೊಳ್ಳಿ. ದಿನವೂ ಓಡಾಡುವ ಹಾಗೇ, ಕೈಯಲ್ಲಿ ಲೋಟವೋ ಬಟ್ಟೆಯೋ ಹಿಡಿದು, ಐದು ಸಲ ಅಷ್ಟು ದೂರ ನಡೆಯಿರಿ. ತಿರುಗುವಾಗಿನ ಹೆಜ್ಜೆಗಳನ್ನು ಸೇರಿಸಬೇಡಿ. ನಮ್ಮ ಉದಾಹರಣೆಯಲ್ಲಿ 15, 15, 16, 15, 15 ಹೆಜ್ಜೆ ಆಯಿತು. ಒಟ್ಟು 76 ಹೆಜ್ಜೆಗೆ 40 ಮೀಟರ್. ಭಾಗಿಸಿದರೆ 0.53 ಮೀಟರ್. ಹೊರಗಿನ 0.705ಕ್ಕೂ ಇದಕ್ಕೂ ಇರುವ ಅಂತರ ನೋಡಿ. ಕಾಲುಭಾಗದಷ್ಟು ಕಡಿಮೆ.

ಎತ್ತರದಿಂದ ಹೆಜ್ಜೆಯ ಉದ್ದ ಕಂಡುಕೊಳ್ಳುವ ಸೂತ್ರವೂ ಚಾಲ್ತಿಯಲ್ಲಿದೆ. ಎತ್ತರವನ್ನು ಸುಮಾರು 0.41ರಿಂದ ಗುಣಿಸುವುದು. ಅದು ಹಲವರ ಸರಾಸರಿ. ಒಂದೇ ಎತ್ತರದ ಇಬ್ಬರ ಹೆಜ್ಜೆ ಒಂದೇ ಇರಬೇಕೆಂದಿಲ್ಲ. ಮೊಣಕಾಲು ನೋವು, ವಯಸ್ಸು, ಉಟ್ಟ ಬಟ್ಟೆ ಎಲ್ಲವೂ ಹೆಜ್ಜೆಯನ್ನು ಬದಲಿಸುತ್ತವೆ. ಟೇಪು ಸಿಗದಿದ್ದಾಗ ಮಾತ್ರ ಈ ಸೂತ್ರ ಬಳಸಿ.

ಎರಡನೇ ಹಂತ: ಸಾಧನ ಸರಿಯಾಗಿ ಎಣಿಸುತ್ತದೆಯೇ?

ನೀವು ಹಾಕಿದ ಹೆಜ್ಜೆ ಬೇರೆ, ಸಾಧನ ಎಣಿಸಿದ ಹೆಜ್ಜೆ ಬೇರೆ ಇರಬಹುದು. ಇದನ್ನು ಪರೀಕ್ಷಿಸಲು ದೂರ ಗೊತ್ತಿರುವ ಉದ್ದನೆಯ ದಾರಿ ಬೇಕು. 400 ಮೀಟರ್ ಓಟದ ಟ್ರ್ಯಾಕ್ ಇದ್ದರೆ ಅನುಕೂಲ. ಆದರೆ 400 ಎನ್ನುವುದು ಒಳಗಿನ ಮೊದಲ ಲೇನಿನ ದೂರ ಮಾತ್ರ. ಎರಡನೇ ಲೇನಿನಲ್ಲಿ ಸುತ್ತಿದರೆ ಸುಮಾರು 7 ಮೀಟರ್ ಜಾಸ್ತಿಯಾಗುತ್ತದೆ. ಹೊರಗೆ ಹೋದಷ್ಟೂ ಇನ್ನೂ ಬೆಳೆಯುತ್ತದೆ.

ಆರಂಭದಲ್ಲಿ ಒಂದು ಫೋಟೊ, ಎರಡು ಸುತ್ತು ಮುಗಿದ ಮೇಲೆ ಒಂದು ಫೋಟೊ. ನಮ್ಮ ಉದಾಹರಣೆಯಲ್ಲಿ ಎರಡರ ವ್ಯತ್ಯಾಸ 1,135 ಬಂತು. 800 ಮೀಟರನ್ನು 1,135ರಿಂದ ಭಾಗಿಸಿದರೆ 0.705. ಟೇಪಿನಲ್ಲಿ ಸಿಕ್ಕಿದ್ದೂ ಅದೇ. ಅಂದರೆ ಹೊರಗಿನ ನಡಿಗೆಯಲ್ಲಿ ಈ ಸಾಧನ ಹೆಜ್ಜೆ ಬಿಡುತ್ತಿಲ್ಲ.

ವ್ಯತ್ಯಾಸ 1,090 ಬಂದಿದ್ದರೆ? ಆಗ ಭಾಗಿಸಿದರೆ 0.734 ಬರುತ್ತದೆ. ಕಾಲು ಉದ್ದವಾಗಿಲ್ಲ. ಸಾಧನ ನೂರಕ್ಕೆ ನಾಲ್ಕು ಹೆಜ್ಜೆ ಬಿಟ್ಟಿದೆ. ಇಂಥ ಸಂದರ್ಭದಲ್ಲಿ ಲೆಕ್ಕಕ್ಕೆ 0.734 ಅನ್ನೇ ಹಾಕಿ. ಅದು ಸಾಧನದ ಒಂದು ಎಣಿಕೆಗೆ ಎಷ್ಟು ಮೀಟರ್ ಎಂಬುದನ್ನು ಹೇಳುತ್ತದೆ. ನಮಗೆ ಬೇಕಿರುವುದೂ ಅದೇ, ಏಕೆಂದರೆ ನಾವು ಗುಣಿಸುವುದು ಸಾಧನದ ಎಣಿಕೆಯನ್ನು. ಸಾಧನ ಇದೇ ಪ್ರಮಾಣದಲ್ಲಿ ಹೆಜ್ಜೆ ಬಿಡುತ್ತಾ ಹೋದರೆ ಆ ತಪ್ಪು ತಾನೇ ಸರಿಹೋಗುತ್ತದೆ. ನನಗೆ ಈ ಇಡೀ ಕೆಲಸದಲ್ಲಿ ತುಂಬ ಇಷ್ಟವಾಗುವುದು ಇದೇ.

ಈ ಪರೀಕ್ಷೆಯನ್ನು ಹತ್ತಿಪ್ಪತ್ತು ಹೆಜ್ಜೆಯಲ್ಲಿ ಮಾಡಬೇಡಿ. ಕಾಲು ಅಲುಗಾಡಿಸಿದ್ದನ್ನೆಲ್ಲ ಎಣಿಸಬಾರದು ಎಂದು ಹಲವು ಸಾಧನಗಳು ಮೊದಲ ಕೆಲವು ಹೆಜ್ಜೆಗಳನ್ನು ತಡೆದು ನೋಡುತ್ತವೆ. ನಡಿಗೆ ಮುಂದುವರಿದರೆ ಮಾತ್ರ ಎಣಿಸಲು ಶುರು ಮಾಡುತ್ತವೆ. ಚಿಕ್ಕ ಪರೀಕ್ಷೆಯಲ್ಲಿ ಈ ತಡೆಯೇ ದೊಡ್ಡ ತಪ್ಪಿನ ಹಾಗೆ ಕಾಣುತ್ತದೆ. ಮನೆಯೊಳಗೆ ನಾಲ್ಕು ಹೆಜ್ಜೆ ಹಾಕಿ ನಿಲ್ಲುವ ಓಡಾಟದಲ್ಲಿ ಸಾಧನ ಕಡಿಮೆ ಎಣಿಸುವುದಕ್ಕೂ ಇದೇ ಕಾರಣ. ತುಂಬ ನಿಧಾನವಾಗಿ ನಡೆದಾಗಲೂ ಸೊಂಟದ ಅಲುಗಾಟ ಸಾಲದೆ ಹೆಜ್ಜೆ ತಪ್ಪುತ್ತದೆ.

ಮೂರನೇ ಹಂತ: ಫೋಟೊ ತೆಗೆಯುವುದು, ಓದುವುದು

ದಿನಕ್ಕೆ ಕನಿಷ್ಠ ಮೂರು ಫೋಟೊ ಬೇಕು. ಬೆಳಗ್ಗೆ ಸಾಧನ ಸಿಕ್ಕಿಸಿಕೊಂಡ ಕೂಡಲೇ ಒಂದು. ದೊಡ್ಡ ನಡಿಗೆ ಮುಗಿದ ಕೂಡಲೇ ಒಂದು. ರಾತ್ರಿ ಸಾಧನ ತೆಗೆದಿಡುವಾಗ ಒಂದು. ನಡಿಗೆಗೆ ಮುಂಚೆ ತುಂಬ ಹೊತ್ತು ಮನೆಯಲ್ಲಿ ಓಡಾಡುವವರು ಹೊರಡುವಾಗ ಇನ್ನೊಂದು ತೆಗೆಯಲಿ. ಬಸ್ಸು ಅಥವಾ ಬೈಕಿನಲ್ಲಿ ಒರಟು ದಾರಿಯಲ್ಲಿ ಹೋಗುವುದಿದ್ದರೆ ಹತ್ತುವ ಮುಂಚೆ ಒಂದು, ಇಳಿದ ಮೇಲೆ ಒಂದು ಇರಲಿ. ಕುಲುಕಾಟವನ್ನು ಸಾಧನ ಹೆಜ್ಜೆ ಎಂದು ಎಣಿಸಿದ್ದರೆ ಆ ಎಣಿಕೆಯನ್ನು ಕಳೆದುಬಿಡಬಹುದು.

ಪರದೆಯಲ್ಲಿ ಹೆಜ್ಜೆಯೇ ಕಾಣುತ್ತಿದೆಯೇ ಎಂದು ಮೊದಲು ನೋಡಿ. ಒಂದೇ ಬಟನ್ ಒತ್ತುತ್ತಾ ಹೋದರೆ ಹೆಜ್ಜೆ, ಕ್ಯಾಲೊರಿ, ಸಮಯ ಒಂದಾದ ಮೇಲೊಂದು ಬರುವ ಸಾಧನಗಳೇ ಜಾಸ್ತಿ. ಪರದೆಯ ಮೂಲೆಯ ಚಿಕ್ಕ ಗುರುತೂ ಫೋಟೊದಲ್ಲಿ ಬರಲಿ. ಸಾಧನವನ್ನು ಮೇಜಿನ ಮೇಲಿಟ್ಟು ನೇರವಾಗಿ ಮೇಲಿನಿಂದ ತೆಗೆಯಿರಿ. ಫ್ಲಾಶ್ ಬೇಡ. ಅದರ ಬೆಳಕು ಗಾಜಿನ ಮೇಲೆ ಬಿದ್ದು ಒಂದೆರಡು ಅಂಕಿಗಳನ್ನು ನುಂಗಿಹಾಕುತ್ತದೆ.

ಈ ಪರದೆಗಳಲ್ಲಿ ಪ್ರತಿ ಅಂಕಿಯೂ ಏಳು ಚಿಕ್ಕ ಗೀಟುಗಳಿಂದ ಆಗಿರುತ್ತದೆ. ಯಾವುದಾದರೂ ಒಂದು ಗೀಟು ಮಾಸಿದರೆ ಅಂಕಿಯೇ ಬದಲಾಗುತ್ತದೆ. ಮೇಲಿನ ಗೀಟು ಹೋದರೆ 7 ಎನ್ನುವುದು 1 ಆಗುತ್ತದೆ. ನಡುವಿನದು ಹೋದರೆ 8 ಎನ್ನುವುದು 0. ಬಲಮೇಲಿನದು ಹೋದರೆ 8 ಎನ್ನುವುದು 6, 9 ಎನ್ನುವುದು 5. ಬೆಳಕಿನ ಹೊಳಪಿಗೆ ಗೀಟು ಕಾಣೆಯಾಗುತ್ತದೆ, ಹೊಸದಾಗಿ ಹುಟ್ಟುವುದಿಲ್ಲ. ಆದ್ದರಿಂದ ಹೊಳಪು ಬಿದ್ದ ಫೋಟೊದಲ್ಲಿ 8 ಕಂಡರೆ ನಂಬಬಹುದು, 1, 0, 5, 6 ಕಂಡರೆ ಇನ್ನೊಮ್ಮೆ ನೋಡಬೇಕು. ಓರೆಯಾಗಿ ತೆಗೆದ ಫೋಟೊ ಮಾತ್ರ ಬೇರೆ. ಅದರಲ್ಲಿ ಉರಿಯದ ಗೀಟುಗಳೂ ಮಸುಕಾಗಿ ಕಂಡು ಎಲ್ಲವೂ 8ರ ಹಾಗೆ ತೋರಬಹುದು.

ಯಾವ ಸ್ಥಾನದ ಅಂಕಿ ತಪ್ಪಿತು ಎಂಬುದೂ ಮುಖ್ಯ. ಕೊನೆಯ ಅಂಕಿ ತಪ್ಪಿದರೆ ನಾಲ್ಕೈದು ಮೀಟರ್ ಹೋಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಸಾವಿರದ ಸ್ಥಾನದಲ್ಲಿ 7ರ ಬದಲು 1 ಓದಿದರೆ 6,000 ಹೆಜ್ಜೆ, ಅಂದರೆ ನಾಲ್ಕು ಕಿಲೋಮೀಟರ್‌ಗಿಂತ ಜಾಸ್ತಿ ಏರುಪೇರು. ನಿಮ್ಮ ಗಮನವನ್ನೆಲ್ಲ ಸಾವಿರದ ಸ್ಥಾನಕ್ಕೆ ಕೊಡಿ.

ಫೋಟೊ ತೆಗೆದ ಸಮಯ ಗ್ಯಾಲರಿಯಲ್ಲಿ ಫೋಟೊದ ವಿವರ ತೆರೆದರೆ ಸಿಗುತ್ತದೆ. ಬೇರೆಯವರು ಮೆಸೇಜಿನಲ್ಲಿ ಕಳಿಸಿದ ಫೋಟೊ ಆದರೆ ಅಲ್ಲಿ ಕಾಣುವುದು ಸಾಮಾನ್ಯವಾಗಿ ನಿಮ್ಮ ಫೋನಿಗೆ ಬಂದ ಸಮಯ. ಅವರನ್ನೇ ಕೇಳಿ ಬರೆದುಕೊಳ್ಳಿ.

ನಾಲ್ಕನೇ ಹಂತ: ಕಳೆಯುವುದು, ಗುಣಿಸುವುದು

ನಮ್ಮ ಉದಾಹರಣೆಯ ಸಾಧನ ದಿನದ ಕೊನೆಗೆ ಸೊನ್ನೆಗೆ ಹೋಗುವುದಿಲ್ಲ, ಎಣಿಸುತ್ತಲೇ ಇರುತ್ತದೆ. ಮೂರು ಫೋಟೊಗಳಲ್ಲಿ ಕಂಡದ್ದು ಇದು:

```
ಬೆಳಗ್ಗೆ 6:20   21,487
ಬೆಳಗ್ಗೆ 7:05   26,139
ರಾತ್ರಿ 9:40    30,215
```

ಗುಣಿಸುವ ಮುಂಚೆ ಈ ಸಂಖ್ಯೆಗಳು ನಂಬುವಂತಿವೆಯೇ ಎಂದು ನೋಡಬೇಕು. ಮೊದಲ ಸಂಖ್ಯೆಯಲ್ಲಿ ಸಾವಿರದ ಸ್ಥಾನದಲ್ಲಿ 1 ಇದೆ. ಅದು ಮೇಲಿನ ಗೀಟು ಮಾಸಿದ 7 ಆಗಿರಬಹುದೇ? ಆಗ 27,487 ಆಗುತ್ತದೆ. ಆದರೆ ಮುಕ್ಕಾಲು ಗಂಟೆಯ ನಂತರ ಪರದೆಯಲ್ಲಿ 26,139 ಇದೆ. ಎಣಿಕೆ ಕಡಿಮೆಯಾಗಲು ಸಾಧ್ಯವಿಲ್ಲ. ಆದ್ದರಿಂದ ಅದು 1 ಆಗಿದ್ದೇ ಸರಿ.

ಎರಡನೆಯದರಲ್ಲಿ 6 ಇದೆ. ಅದು 8 ಆಗಿದ್ದರೆ? ಆಗ 45 ನಿಮಿಷಕ್ಕೆ 6,652 ಹೆಜ್ಜೆ, ಅಂದರೆ ನಿಮಿಷಕ್ಕೆ 148. ಸಾಮಾನ್ಯ ನಡಿಗೆಯಲ್ಲಿ ನಿಮಿಷಕ್ಕೆ 100ರಿಂದ 120 ಹೆಜ್ಜೆ ಬೀಳುತ್ತದೆ, ತುಂಬ ಬಿರುಸಾದರೆ 130ರ ಹತ್ತಿರ. ಬಿಡದೆ ಮುಕ್ಕಾಲು ಗಂಟೆ 148 ಬೀಳಬೇಕಾದರೆ ಓಡಬೇಕು. ಓಡಿಲ್ಲ ಎಂದ ಮೇಲೆ ಅದು 6. ನಾವು ಓದಿದ ಹಾಗೇ ಹಿಡಿದರೆ 4,652 ಹೆಜ್ಜೆ, ನಿಮಿಷಕ್ಕೆ 103. ಸರಿಯಾಗಿದೆ. ಫೋಟೊದ ಸಮಯ ಹೀಗೂ ಕೆಲಸಕ್ಕೆ ಬರುತ್ತದೆ.

ಕೊನೆಯದರ ಸೊನ್ನೆ 8 ಆಗಿರಬಹುದೇ ಎಂಬುದನ್ನು ಈ ರೀತಿ ತೀರ್ಮಾನಿಸಲು ಆಗುವುದಿಲ್ಲ. ಹದಿನಾಲ್ಕೂವರೆ ಗಂಟೆಯಲ್ಲಿ 12,000 ಹೆಜ್ಜೆ ಆಗಬಾರದೆಂದೇನಿಲ್ಲ. ಅನುಮಾನವಿದ್ದರೆ ಮರುದಿನ ಬೆಳಗಿನ ಫೋಟೊ ನೋಡಿ. ಅದೂ 30,000ದ ಆಸುಪಾಸಿನಲ್ಲಿದ್ದರೆ ಸಂಶಯ ಬೇಡ.

ಈಗ ಲೆಕ್ಕ. ಬೆಳಗಿನ ನಡಿಗೆ 4,652 ಹೆಜ್ಜೆ. ಉಳಿದ ದಿನ 30,215ರಲ್ಲಿ 26,139 ಕಳೆದರೆ 4,076 ಹೆಜ್ಜೆ.

```
4,652 × 0.705 = 3,280 ಮೀಟರ್
4,076 × 0.53  = 2,160 ಮೀಟರ್
ಒಟ್ಟು           5,440 ಮೀಟರ್
```

ದಿನವನ್ನು ತುಂಡು ಮಾಡದೆ ಒಟ್ಟು 8,728 ಹೆಜ್ಜೆಯನ್ನು 0.705ರಿಂದ ಗುಣಿಸಿದ್ದರೆ 6,153 ಮೀಟರ್ ಬರುತ್ತಿತ್ತು. ನಡೆಯದೇ ಇದ್ದ 700 ಮೀಟರ್ ಲೆಕ್ಕಕ್ಕೆ ಸೇರುತ್ತಿತ್ತು. ಇಡೀ ದಿನ ಮನೆಯಲ್ಲೇ ಓಡಾಡುವವರಿಗೆ ಈ ತಪ್ಪು ಇನ್ನೂ ದೊಡ್ಡದು. ದಿನವೆಲ್ಲ ರಸ್ತೆಯಲ್ಲಿ ನಡೆಯುವವರಿಗೆ ಚಿಕ್ಕದು.

ತುಂಡುಗಳನ್ನು ತೀರಾ ಹೆಚ್ಚು ಮಾಡುವುದೂ ಬೇಡ. ಸಂಜೆ ಮಗುವಿನ ಕೈ ಹಿಡಿದು ಒಂದು ಸಾವಿರಕ್ಕಿಂತ ಜಾಸ್ತಿ ಹೆಜ್ಜೆ ಹಾಕಿದರೆ ಅದಕ್ಕೆ ಬೇರೆ ಉದ್ದ ಅಳೆಯುವುದು ನ್ಯಾಯ. ಇನ್ನೂರು ಹೆಜ್ಜೆಗೆ ಅಗತ್ಯವಿಲ್ಲ. ಉದ್ದ 0.10 ಮೀಟರ್ ತಪ್ಪಿದರೂ ಇನ್ನೂರು ಹೆಜ್ಜೆಗೆ ಆಗುವ ವ್ಯತ್ಯಾಸ 20 ಮೀಟರ್.

ಎಣಿಕೆ ಸೊನ್ನೆಗೆ ಹೋಗುವ ಸಂದರ್ಭಗಳು ಎರಡು. ಕೆಲವು ಸಾಧನಗಳು ನಡುರಾತ್ರಿ 12ಕ್ಕೆ ತಾವೇ ಸೊನ್ನೆಯಾಗುತ್ತವೆ. ಅಂಥದರಲ್ಲಿ ರಾತ್ರಿಯ ಫೋಟೊವನ್ನು 12ರ ಒಳಗೆ ತೆಗೆಯಬೇಕು. ತಡರಾತ್ರಿಯವರೆಗೆ ನಡೆದಿದ್ದರೆ 12ರ ನಂತರದ ಎಣಿಕೆಯನ್ನು ಕೂಡಿಸಬೇಕು. ಇನ್ನು ಐದಂಕಿಯ ಪರದೆ 99,999 ದಾಟಿದಾಗ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಬೆಳಗ್ಗೆ 97,640, ರಾತ್ರಿ 5,112 ಇದ್ದರೆ ರಾತ್ರಿಯ ಸಂಖ್ಯೆಗೆ 1,00,000 ಕೂಡಿಸಿ ಕಳೆಯಿರಿ. 7,472 ಹೆಜ್ಜೆ ಬರುತ್ತದೆ.

ಉತ್ತರವನ್ನು ಎಷ್ಟು ಸೂಕ್ಷ್ಮವಾಗಿ ಬರೆಯಬೇಕು?

ಕ್ಯಾಲ್ಕುಲೇಟರ್ 5,440 ಎಂದು ತೋರಿಸಿದರೂ ಕೊನೆಯ 40 ಮೀಟರ್ ನಮಗೆ ನಿಜವಾಗಿ ಗೊತ್ತಿಲ್ಲ. ಬೆಳಗಿನ ನಡಿಗೆಯ ಭಾಗ ಗಟ್ಟಿಯಾಗಿದೆ. ಟೇಪು ಮತ್ತು ಟ್ರ್ಯಾಕ್ ಎರಡೂ ಒಂದೇ ಉತ್ತರ ಕೊಟ್ಟಿವೆ. ಅಲ್ಲಿ ನೂರಕ್ಕೆ ಮೂರರಷ್ಟು ತಪ್ಪು ಹಿಡಿದರೂ 100 ಮೀಟರ್ ಆಚೀಚೆ. ಮನೆಯೊಳಗಿನ ಭಾಗ ಅಷ್ಟು ಗಟ್ಟಿಯಿಲ್ಲ. ಹೆಜ್ಜೆಯ ಉದ್ದವೂ ಬದಲಾಗುತ್ತದೆ, ಸಾಧನವೂ ಬಿಟ್ಟು ಬಿಟ್ಟು ಎಣಿಸುತ್ತದೆ. ಅಲ್ಲಿ ನೂರಕ್ಕೆ ಹದಿನೈದು ಹಿಡಿಯುವುದು ಕ್ಷೇಮ. ಅದು 300 ಮೀಟರ್‌ಗಿಂತ ಸ್ವಲ್ಪ ಜಾಸ್ತಿ.

ಎರಡನ್ನೂ ಸೇರಿಸಿದರೆ ಆ ದಿನದ ದೂರ 5 ಮತ್ತು 5.9 ಕಿಲೋಮೀಟರ್ ನಡುವೆ ಎಲ್ಲೋ ಇದೆ. ಪುಸ್ತಕದಲ್ಲಿ "ಸುಮಾರು 5.4 ಕಿ.ಮೀ." ಎಂದು ಬರೆದರೆ ಸಾಕು. ಪಕ್ಕದಲ್ಲಿ ಹೊರಗಿನದು 3.3, ಒಳಗಿನದು 2.2 ಎಂದು ಬೇರೆ ಬೇರೆ ಬರೆದಿಡಿ. ಎರಡನ್ನೂ ಸುತ್ತಿ ಬರೆಯುವುದರಿಂದ ಕೂಡಿದಾಗ 5.5 ಕಂಡರೆ ಗಾಬರಿ ಬೇಡ. ತಿಂಗಳ ಲೆಕ್ಕ ಹೋಲಿಸುವಾಗ ಹೊರಗಿನ ಸಂಖ್ಯೆಯನ್ನೇ ನೋಡಿ, ಅದನ್ನೇ ಹೆಚ್ಚು ನಂಬಬಹುದು.

ಅಳೆದ ಉದ್ದ ಶಾಶ್ವತವಲ್ಲ. ಶೂ ಬದಲಿಸಿದಾಗ, ಕಾಲಿಗೆ ಪೆಟ್ಟಾಗಿ ವಾಸಿಯಾದ ಮೇಲೆ, ದಾರಿ ಏರುಪೇರಿನದಾದಾಗ 100 ಹೆಜ್ಜೆಯ ಅಳತೆಯನ್ನು ಮತ್ತೆ ಮಾಡಿ. ಹಳೆಯ ಫೋಟೊಗಳಿಗೆ ಹಳೆಯ ಉದ್ದವೇ ಇರಲಿ. ಯಾವ ತಾರೀಕಿನಿಂದ ಯಾವ ಉದ್ದ ಎಂದು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.